ಗಂಟೆ ಲೆಕ್ಕವೋ, ತಿಂಗಳ ವರ್ತನೆಯೋ

ವರ್ಚುವಲ್ ಅಸಿಸ್ಟೆಂಟ್ ಎಂದರೆ ತನ್ನ ಊರಿನಲ್ಲೇ ಕೂತು, ಬೇರೆ ಊರಿನ ಅಥವಾ ಬೇರೆ ದೇಶದ ಒಬ್ಬರ ಕಚೇರಿ ಕೆಲಸವನ್ನು ಇಂಟರ್‌ನೆಟ್ ಮೂಲಕ ನೋಡಿಕೊಳ್ಳುವ ಸಹಾಯಕ. ಈತ ನೌಕರನಲ್ಲ. ಸಂಬಳವಿಲ್ಲ, ಪಿಎಫ್ ಇಲ್ಲ, ಸಂಬಳಸಹಿತ ರಜೆಯೂ ಇಲ್ಲ. ಒಬ್ಬರಿಗೇ ದುಡಿಯಬೇಕೆಂಬ ಕಟ್ಟಳೆಯೂ ಇಲ್ಲವಾದ್ದರಿಂದ ಮೂರು ನಾಲ್ಕು ಜನರ ಕೆಲಸವನ್ನು ಒಟ್ಟಿಗೆ ಹಿಡಿದಿರುವವರೇ ಹೆಚ್ಚು. ಮಾಡಿದ ಕೆಲಸಕ್ಕೆ ಬಿಲ್ಲು ಕಳಿಸಿ ಹಣ ಪಡೆಯುವುದು ರೂಢಿ. ಆ ಬಿಲ್ಲನ್ನು ಯಾವ ಲೆಕ್ಕದಲ್ಲಿ ಮಾಡಬೇಕು ಎಂಬಲ್ಲಿಯೇ ಈ ವೃತ್ತಿಯವರು ಹೆಚ್ಚು ಎಡವುತ್ತಾರೆ.

ಈ ಕೆಲಸಕ್ಕೂ ಬೆಂಗಳೂರಿಗೂ ಹಳೆಯ ನಂಟಿದೆ. 2005ರಲ್ಲಿ ಅಮೆರಿಕದ ಬರಹಗಾರ ಎ.ಜೆ. ಜೇಕಬ್ಸ್ ತಮ್ಮ ನಿತ್ಯದ ಕೆಲಸಗಳನ್ನೆಲ್ಲ ಭಾರತದ ಸಹಾಯಕರಿಗೆ ವಹಿಸಿದ ಅನುಭವವನ್ನು ‘ಎಸ್ಕ್ವೈರ್’ ಪತ್ರಿಕೆಯಲ್ಲಿ ಬರೆದರು. ಅವರ ಕಚೇರಿ ಕೆಲಸ ಹಿಡಿದದ್ದು ಬೆಂಗಳೂರಿನ ಬ್ರಿಕ್‌ವರ್ಕ್ ಸಂಸ್ಥೆ. 2007ರಲ್ಲಿ ಬಂದ ಟಿಮ್ ಫೆರಿಸ್ ಅವರ ‘ದ ಫೋರ್ ಅವರ್ ವರ್ಕ್‌ವೀಕ್’ ಪುಸ್ತಕ ಈ ಪದ್ಧತಿಯನ್ನು ಇನ್ನಷ್ಟು ಜನರಿಗೆ ಪರಿಚಯಿಸಿತು. ಆಗ ನಡುವೆ ಒಂದು ಸಂಸ್ಥೆ ಇರುತ್ತಿತ್ತು. ಈಗ ಶಿವಮೊಗ್ಗದಲ್ಲೋ ಹುಬ್ಬಳ್ಳಿಯಲ್ಲೋ ಮನೆಯಲ್ಲಿ ಕೂತವರು ಲಂಡನ್ನಿನ ಕ್ಲೈಂಟ್ ಜತೆ ನೇರವಾಗಿ ವ್ಯವಹರಿಸುತ್ತಾರೆ. ದರ ನಿಗದಿ ಮಾಡುವ ಹೊಣೆಯೂ ಅದರೊಂದಿಗೆ ಅವರ ಹೆಗಲಿಗೇ ಬಂದಿದೆ.

ಸಾಮಾನ್ಯವಾಗಿ ಸಿಗುವ ಕೆಲಸಗಳಲ್ಲಿ ಮೊದಲನೆಯದು ಇಮೇಲ್ ನೋಡಿಕೊಳ್ಳುವುದು, ಎರಡನೆಯದು ಭೇಟಿ-ಮೀಟಿಂಗುಗಳ ಕ್ಯಾಲೆಂಡರ್, ಮೂರನೆಯದು ಬಿಲ್ಲು ಕಳಿಸಿ ಬಾಕಿ ವಸೂಲಿಗೆ ನೆನಪಿಸುವುದು. ಇವಲ್ಲದೆ ಪ್ರಯಾಣದ ಟಿಕೆಟ್, ಫೇಸ್‌ಬುಕ್ ಇನ್‌ಸ್ಟಾಗ್ರಾಂ ಪೋಸ್ಟ್‌ಗಳು, ಎಕ್ಸೆಲ್ ಪಟ್ಟಿಗಳು, ಮೀಟಿಂಗಿನ ಟಿಪ್ಪಣಿ ಹೀಗೆ ಏನೇನೋ ಬರುತ್ತದೆ. ಇವುಗಳಲ್ಲಿ ದರದ ಪ್ರಶ್ನೆಯನ್ನು ಅರ್ಥ ಮಾಡಿಸುವುದು ಇಮೇಲ್ ಕೆಲಸ.

ದಿನಕ್ಕೆ ನೂರು ಮೇಲ್ ಬರುವ ಇನ್‌ಬಾಕ್ಸನ್ನು ಒಬ್ಬರ ಕೈಗೆ ಕೊಟ್ಟರೆ ಅವರು ಮೊದಲು ಮಾಡಬೇಕಾದದ್ದು ಉತ್ತರ ಬರೆಯುವುದಲ್ಲ, ವಿಂಗಡಿಸುವುದು. ಜಿಮೇಲ್‌ನಲ್ಲಿ ನಾಲ್ಕು ಲೇಬಲ್ ಸಾಕು: ಇವತ್ತೇ ಉತ್ತರಿಸಬೇಕಾದದ್ದು, ಕ್ಲೈಂಟ್ ತಾವೇ ತೀರ್ಮಾನಿಸಬೇಕಾದದ್ದು, ಇನ್ನೊಬ್ಬರ ಉತ್ತರಕ್ಕೆ ಕಾಯುತ್ತಿರುವುದು, ಬಿಲ್ಲು ರಸೀದಿ. ಜಾಹೀರಾತು, ಸುದ್ದಿಪತ್ರಗಳಿಗೆ ಫಿಲ್ಟರ್ ಹಾಕಿದರೆ ಅವು ಇನ್‌ಬಾಕ್ಸಿಗೆ ಬರದೆ ಬೇರೆ ಕಡೆ ಸೇರಿಕೊಳ್ಳುತ್ತವೆ. ಪದೇ ಪದೇ ಬರೆಯುವ ಉತ್ತರಗಳನ್ನು `Templates` ಎಂಬ ಸೌಲಭ್ಯದಲ್ಲಿ ಉಳಿಸಿಡಬಹುದು. ಇದನ್ನು ಸೆಟ್ಟಿಂಗ್ಸ್‌ನ `Advanced` ವಿಭಾಗದಲ್ಲಿ ಒಮ್ಮೆ ಚಾಲೂ ಮಾಡಬೇಕು. ಇಷ್ಟೆಲ್ಲ ಕೂಡಿಸುವುದಕ್ಕೆ ಮೊದಲ ತಿಂಗಳು ಸಮಯ ತಿನ್ನುತ್ತದೆ. ಮೂರನೆಯ ತಿಂಗಳ ಹೊತ್ತಿಗೆ ಅದೇ ಇನ್‌ಬಾಕ್ಸ್ ಅರ್ಧ ಸಮಯದಲ್ಲಿ ಖಾಲಿಯಾಗುತ್ತದೆ. ಈ ಅರ್ಧದ ಲಾಭ ಯಾರಿಗೆ ಸೇರಬೇಕು ಎಂಬುದನ್ನು ಮುಂದೆ ನೋಡಬಹುದು.

ಕ್ಯಾಲೆಂಡರ್ ಕೆಲಸ ಸುಲಭವೆನಿಸಿದರೂ ಹೊರದೇಶದ ಕ್ಲೈಂಟ್ ಇದ್ದಾಗ ಅದರಲ್ಲೊಂದು ಗುಂಡಿ ಇದೆ. ಭಾರತದ ಗಡಿಯಾರ ವರ್ಷವಿಡೀ ಒಂದೇ. ಬ್ರಿಟನ್ನಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಲಂಡನ್ನಿನ ಬೆಳಗಿನ 10 ಗಂಟೆ ಚಳಿಗಾಲದಲ್ಲಿ ಇಲ್ಲಿಯ ಮಧ್ಯಾಹ್ನ ಮೂರೂವರೆ, ಬೇಸಿಗೆಯಲ್ಲಿ ಎರಡೂವರೆ. ಫೆಬ್ರವರಿಯಲ್ಲಿ ಶಿವಮೊಗ್ಗದ ಸಹಾಯಕಿ ‘ಪ್ರತಿ ಸೋಮವಾರ ಮೂರೂವರೆ’ ಎಂದು ಭಾರತದ ಸಮಯದಲ್ಲೇ ಒಂದು ಮೀಟಿಂಗ್ ಗುರುತು ಹಾಕಿಟ್ಟರೆ, ಏಪ್ರಿಲ್‌ನಲ್ಲಿ ಅದು ಲಂಡನ್ನಿನ 11 ಗಂಟೆಗೆ ಜಾರಿರುತ್ತದೆ. ಕ್ಲೈಂಟ್ 10ಕ್ಕೆ ಬಂದು ಕಾಯುತ್ತಾ ಕೂತಿರುತ್ತಾರೆ. ಗೂಗಲ್ ಕ್ಯಾಲೆಂಡರ್‌ನಲ್ಲಿ ಮೀಟಿಂಗ್ ಸೇರಿಸುವಾಗಲೇ ಸಮಯದ ಪಕ್ಕದಲ್ಲಿ ಲಂಡನ್ ವಲಯವನ್ನು ಆರಿಸಿದರೆ ಈ ತಾಪತ್ರಯವಿಲ್ಲ. ಅಮೆರಿಕದವರು ಗಡಿಯಾರ ಬದಲಿಸುವುದು ಮಾರ್ಚ್‌ನ ಎರಡನೆಯ ಭಾನುವಾರ. ಹಾಗಾಗಿ ಲಂಡನ್ ಮತ್ತು ನ್ಯೂಯಾರ್ಕ್ ಎರಡೂ ಕಡೆಯವರು ಸೇರುವ ಮೀಟಿಂಗುಗಳನ್ನು ಮಾರ್ಚ್ ತಿಂಗಳಿನಲ್ಲಿ ಒಂದೊಂದಾಗಿ ತೆರೆದು ನೋಡುವುದೇ ಕ್ಷೇಮ.

ಬಳಸುವ ಸಾಧನಗಳ ಪಟ್ಟಿ ಉದ್ದವಿದೆ. ಕೆಲಸ ಹಂಚಿಕೊಳ್ಳಲು ಟ್ರೆಲ್ಲೊ ಅಥವಾ ಆಸನ, ಮಾತಿಗೆ ಸ್ಲ್ಯಾಕ್, ಭೇಟಿಗೆ ಜೂಮ್, ಪರದೆಯನ್ನು ರೆಕಾರ್ಡ್ ಮಾಡಿ ತೋರಿಸಲು ಲೂಮ್, ಪೋಸ್ಟರ್‌ಗೆ ಕ್ಯಾನ್ವಾ. ಇವುಗಳಲ್ಲಿ ಯಾವುದನ್ನು ಬಳಸಬೇಕೆಂಬುದು ಬಹುತೇಕ ಕ್ಲೈಂಟ್ ಇಷ್ಟ. ಒಂದನ್ನು ಬಲ್ಲವರಿಗೆ ಇನ್ನೊಂದು ಎರಡು ದಿನದ ಕಲಿಕೆ. ಸಹಾಯಕಿ ತಾನೇ ಪಟ್ಟು ಹಿಡಿಯಬೇಕಾದ ಸಾಧನಗಳು ಎರಡು: ಕ್ಲೈಂಟ್ ಖಾತೆಗಳಿಗೆ ಪ್ರವೇಶ ಪಡೆಯುವ ವ್ಯವಸ್ಥೆ ಮತ್ತು ಸಮಯ ಬರೆದಿಡುವ ವ್ಯವಸ್ಥೆ.

‘ಪಾಸ್‌ವರ್ಡ್ ವಾಟ್ಸ್ಆ್ಯಪ್ ಮಾಡ್ತೀನಿ’ ಎನ್ನುವ ಕ್ಲೈಂಟ್‌ಗಳೇ ಹೆಚ್ಚು. ಅದನ್ನು ಹಾಕಿ ಶಿವಮೊಗ್ಗದಿಂದ ಲಾಗಿನ್ ಮಾಡಿದರೆ ಗೂಗಲ್‌ಗೆ ಅನುಮಾನ ಬರುತ್ತದೆ, ದೃಢೀಕರಣದ ಕೋಡ್ ಲಂಡನ್ನಿನ ಫೋನಿಗೆ ಹೋಗುತ್ತದೆ, ಕ್ಲೈಂಟ್ ಅಲ್ಲಿ ನಿದ್ದೆಯಲ್ಲಿರುತ್ತಾರೆ. ಅರ್ಧ ದಿನ ಹಾಳು. ಇದಕ್ಕೆ ಜಿಮೇಲ್‌ನಲ್ಲೇ ದಾರಿ ಇದೆ. ಕ್ಲೈಂಟ್ ತಮ್ಮ ಖಾತೆಯ ಸೆಟ್ಟಿಂಗ್ಸ್‌ನಲ್ಲಿ `Grant access to your account` ಎಂಬಲ್ಲಿ ಸಹಾಯಕಿಯ ಇಮೇಲ್ ವಿಳಾಸ ಸೇರಿಸಿದರೆ, ಆಕೆ ತನ್ನದೇ ಖಾತೆಯಿಂದ ಅವರ ಮೇಲ್‌ಗಳನ್ನು ಓದಬಹುದು, ಕಳಿಸಬಹುದು, ಅಳಿಸಬಹುದು. ಅವರ ಪಾಸ್‌ವರ್ಡ್ ಬದಲಿಸಲು ಮಾತ್ರ ಆಗುವುದಿಲ್ಲ. ಸಂಬಂಧ ಮುಗಿದ ದಿನ ಕ್ಲೈಂಟ್ ಆ ಹೆಸರನ್ನು ಅಳಿಸಿದರಾಯಿತು. ಈ ಸೌಲಭ್ಯವಿಲ್ಲದ ಇತರ ಖಾತೆಗಳಿಗೆ ಬಿಟ್‌ವಾರ್ಡನ್, ಒನ್‌ಪಾಸ್‌ವರ್ಡ್‌ನಂಥ ಪಾಸ್‌ವರ್ಡ್ ಪೆಟ್ಟಿಗೆಗಳಿವೆ. ಬ್ಯಾಂಕ್ ಖಾತೆಯ ಪಾಸ್‌ವರ್ಡ್ ಮತ್ತು ಓಟಿಪಿಯನ್ನು ಯಾವ ಕ್ಲೈಂಟ್ ಕೊಡುತ್ತೇನೆಂದರೂ ಬೇಡವೆನ್ನಬೇಕು. ನಾಳೆ ಹಣ ಕಾಣೆಯಾದರೆ ಕೈ ಹಾಕಿಲ್ಲವೆಂದು ಸಾಬೀತು ಮಾಡುವುದು ಕಷ್ಟ.

ಸಮಯ ಬರೆಯಲು ಟಾಗಲ್, ಕ್ಲಾಕಿಫೈ ಎಂಬ ಆ್ಯಪ್‌ಗಳಿವೆ. ಕೆಲಸ ಶುರುಮಾಡುವಾಗ ಒಂದು ಗುಂಡಿ ಒತ್ತಬೇಕು, ಮುಗಿದಾಗ ಇನ್ನೊಮ್ಮೆ. ಎದುರಿಗೆ ಯಾವ ಕೆಲಸವೆಂದು ಎರಡು ಪದ ಬರೆಯಬೇಕು. ‘ಇಮೇಲ್’ ಎಂದಷ್ಟೇ ಬರೆದರೆ ಸಾಲದು. ‘ಇಮೇಲ್: ವಿಂಗಡಣೆ’, ‘ಇಮೇಲ್: ಬಾಕಿ ನೆನಪೋಲೆ’ ಎಂದು ಬರೆದರೆ ತಿಂಗಳ ಕೊನೆಗೆ ಸಮಯ ಎಲ್ಲಿ ಹೋಯಿತೆಂದು ಕಾಣುತ್ತದೆ. ಗುಂಡಿ ಒತ್ತಲು ಮರೆತು ಸಂಜೆ ಅಂದಾಜಿನಲ್ಲಿ ತುಂಬುವವರು ಸಾಮಾನ್ಯವಾಗಿ ತಮ್ಮ ಗಂಟೆಗಳನ್ನು ತಾವೇ ಕಡಿಮೆ ಬರೆದುಕೊಳ್ಳುತ್ತಾರೆ. ಐದು ನಿಮಿಷದ ವಾಟ್ಸ್ಆ್ಯಪ್ ಉತ್ತರಗಳು ನೆನಪಿನಲ್ಲಿ ಉಳಿಯುವುದಿಲ್ಲ.

ಇನ್ನು ದರ. ಗಂಟೆಗಿಷ್ಟು ಎಂದು ಬೇರೆಯವರ ಪಟ್ಟಿ ನೋಡಿ ಹಾಕುವುದಕ್ಕಿಂತ ತನ್ನ ಮನೆಯ ಖರ್ಚಿನಿಂದ ಹಿಂದಕ್ಕೆ ಲೆಕ್ಕ ಮಾಡಿಕೊಂಡು ಬರುವುದು ಸರಿಯಾದ ಕ್ರಮ. ಒಬ್ಬ ಸಹಾಯಕಿಗೆ ತಿಂಗಳಿಗೆ 40,000 ರೂಪಾಯಿ ಕೈಗೆ ಉಳಿಯಬೇಕು ಎಂದಿಟ್ಟುಕೊಳ್ಳಿ. ಇಂಟರ್‌ನೆಟ್, ಕರೆಂಟ್ ಹೋದರೆ ಯುಪಿಎಸ್, ಲ್ಯಾಪ್‌ಟಾಪಿನ ಸವಕಳಿ, ಆ್ಯಪ್‌ಗಳ ಚಂದಾ, ಆರೋಗ್ಯ ವಿಮೆ ಸೇರಿ 6,000. ಒಟ್ಟು 46,000, ವರ್ಷಕ್ಕೆ 5,52,000. ದಿನಕ್ಕೆ ಆರು ಗಂಟೆಯಂತೆ 25 ದಿನ ಕೂತರೆ ತಿಂಗಳಿಗೆ 150 ಗಂಟೆ. ಆದರೆ ಹೊಸ ಕ್ಲೈಂಟ್ ಹುಡುಕುವುದು, ಬಿಲ್ಲು ಬರೆಯುವುದು, ಹೊಸ ಸಾಧನ ಕಲಿಯುವುದು ಇವಕ್ಕೆ ಯಾರೂ ಹಣ ಕೊಡುವುದಿಲ್ಲ. ಬಿಲ್ಲಿಗೆ ಬರುವುದು ಅದರಲ್ಲಿ 90 ಗಂಟೆ ಎಂದು ಹಿಡಿಯಬಹುದು. ಹಬ್ಬ, ಜ್ವರ, ಮದುವೆ ಎಂದು ವರ್ಷಕ್ಕೊಂದು ತಿಂಗಳು ಕಳೆದರೆ 11 ತಿಂಗಳಿಗೆ 990 ಗಂಟೆ. 5,52,000ವನ್ನು 990ರಿಂದ ಭಾಗಿಸಿದರೆ ಗಂಟೆಗೆ ಸುಮಾರು 558 ರೂಪಾಯಿ. ಹೊರದೇಶದ ಹಣ ತರಿಸಿಕೊಳ್ಳುವಾಗ ಕಡಿತವಾಗುವ ಶುಲ್ಕ ಸೇರಿಸಿ 600 ಎನ್ನಬಹುದು. 46,000ವನ್ನು 150ರಿಂದ ಭಾಗಿಸಿ ‘307 ಸಾಕಲ್ಲ’ ಎಂದು ಒಪ್ಪಿಕೊಂಡವರು ಮೂರೇ ತಿಂಗಳಲ್ಲಿ ಸುಸ್ತಾಗುತ್ತಾರೆ. ಆದಾಯ ತೆರಿಗೆ ಬಂದರೆ ಅದೂ ಈ 600ರ ಮೇಲೆಯೇ ಕೂರಬೇಕು.

600 ಎಂಬುದು ನೆಲಗಟ್ಟು. ಇದನ್ನು ಗಂಟೆ ಲೆಕ್ಕದಲ್ಲಿ ಕೇಳಬಹುದು, ತಿಂಗಳಿಗಿಷ್ಟೆಂದೂ ಕೇಳಬಹುದು. ತಿಂಗಳ ಲೆಕ್ಕಕ್ಕೆ ಈ ವೃತ್ತಿಯವರು ರಿಟೈನರ್ ಎನ್ನುತ್ತಾರೆ. ಹೆಸರು ಹೊಸದಾದರೂ ಏರ್ಪಾಡು ಹಳೆಯದೇ: ಅದು ಹಾಲಿನ ವರ್ತನೆಯಂಥದ್ದು. ದಿನಕ್ಕೆ ಅರ್ಧ ಲೀಟರ್ ಎಂದು ವರ್ತನೆ ಹಾಕಿಸಿಕೊಂಡ ಮನೆಯವರಿಗೆ ಹಾಲು ತಪ್ಪುವುದಿಲ್ಲ, ಹಾಲಿನವನಿಗೆ ಗಿರಾಕಿ ತಪ್ಪುವುದಿಲ್ಲ. ನೆಂಟರು ಬಂದ ದಿನ ಇನ್ನೊಂದು ಲೀಟರ್ ಬೇಕಾದರೆ ಅದರ ದುಡ್ಡು ಬೇರೆ. ಈ ಕೊನೆಯ ಮಾತನ್ನು ಹಾಲಿನವನು ಎಂದೂ ಮರೆಯುವುದಿಲ್ಲ, ವರ್ಚುವಲ್ ಅಸಿಸ್ಟೆಂಟ್‌ಗಳು ಮರೆಯುತ್ತಾರೆ.

ಎರಡರ ವ್ಯತ್ಯಾಸ ಒಂದು ಉದಾಹರಣೆಯಲ್ಲಿ ಸ್ಪಷ್ಟವಾಗುತ್ತದೆ. ಕ್ಲೈಂಟ್ ಲಂಡನ್ನಿನಲ್ಲಿ ಒಬ್ಬರೇ ಕಚೇರಿ ನಡೆಸುವ ವಾಸ್ತುಶಿಲ್ಪಿ, ಸಹಾಯಕಿ ಶಿವಮೊಗ್ಗದವಳು, ದರ ಗಂಟೆಗೆ 600. ಪೌಂಡಿನ ಏರಿಳಿತ ಬಿಟ್ಟು ರೂಪಾಯಿಯಲ್ಲೇ ನೋಡೋಣ. ಮೊದಲ ತಿಂಗಳ ಟೈಮ್‌ಶೀಟ್ ಹೀಗಿದೆ: ಇಮೇಲ್ 14 ಗಂಟೆ, ಕ್ಯಾಲೆಂಡರ್ 6, ಬಿಲ್ಲುಗಳು 5, ಚಿಲ್ಲರೆ ಕೆಲಸ 3, ಒಟ್ಟು 28. ಬಿಲ್ಲು 16,800. ಎರಡನೆಯ ತಿಂಗಳು ಫಿಲ್ಟರುಗಳೂ ಸಿದ್ಧ ಉತ್ತರಗಳೂ ಕೂಡಿಬಂದು ಇಮೇಲ್ 10 ಗಂಟೆಗೆ ಇಳಿಯಿತು; ಒಟ್ಟು 23 ಗಂಟೆ, 13,800. ಮೂರನೆಯ ತಿಂಗಳು ಇಮೇಲ್ 7 ಗಂಟೆ, ಕ್ಯಾಲೆಂಡರ್ 5, ಬಿಲ್ಲುಗಳು 3, ಚಿಲ್ಲರೆ 6. ಒಟ್ಟು 21, ಬಿಲ್ಲು 12,600. ಬಂದ ಮೇಲ್‌ಗಳ ಸಂಖ್ಯೆ ಕಡಿಮೆಯಾಗಿಲ್ಲ, ಕೆಲಸ ಮೊದಲಿಗಿಂತ ಚೊಕ್ಕವಾಗಿದೆ, ಆದಾಯ ಮಾತ್ರ ಕಾಲುಭಾಗ ಇಳಿದಿದೆ. ಗಂಟೆ ಲೆಕ್ಕದ ದೋಷ ಇದೇ: ಕೈ ಚುರುಕಾದಷ್ಟೂ ಕೂಲಿ ಕಡಿಮೆ. ನಿಧಾನವಾಗಿ ಮಾಡುವವರಿಗೆ ಹೆಚ್ಚು ಸಿಗುತ್ತದೆಂದು ಗೊತ್ತಿರುವ ಕ್ಲೈಂಟ್ ಕೂಡ ಬಿಲ್ಲು ಬಂದಾಗಲೆಲ್ಲ ಗಂಟೆಗಳನ್ನು ಅನುಮಾನದಿಂದ ಎಣಿಸುತ್ತಾರೆ.

ಹಾಗೆಂದು ಮೊದಲ ದಿನವೇ ರಿಟೈನರ್ ಮಾತಾಡಿದ್ದರೆ? ಆಗ ಇಬ್ಬರಿಗೂ ಕೆಲಸದ ಅಳತೆ ಗೊತ್ತಿರುವುದಿಲ್ಲ. ‘ವಾರಕ್ಕೆ ಮೂರು ನಾಲ್ಕು ಗಂಟೆ ಆಗಬಹುದು’ ಎಂಬ ಕ್ಲೈಂಟ್ ಮಾತು ನಂಬಿ ಆಕೆ 9,000ಕ್ಕೆ ಒಪ್ಪಿದ್ದರೆ ಮೊದಲ ತಿಂಗಳ 28 ಗಂಟೆಗೆ ಗಂಟೆಗೆ 321 ರೂಪಾಯಿ ಬೀಳುತ್ತಿತ್ತು. ತಮ್ಮ ಇನ್‌ಬಾಕ್ಸ್ ಎಷ್ಟು ಸಮಯ ನುಂಗುತ್ತದೆಂದು ಕ್ಲೈಂಟ್‌ಗಳಿಗೇ ಗೊತ್ತಿರುವುದಿಲ್ಲ. ಅವರು ಸುಳ್ಳು ಹೇಳುವುದಿಲ್ಲ, ಎಂದೂ ಅಳೆದು ನೋಡಿರುವುದಿಲ್ಲ, ಅಷ್ಟೇ. ಅದಕ್ಕಾಗಿ ಮೊದಲ ಮೂರು ತಿಂಗಳು ಗಂಟೆ ಲೆಕ್ಕ, ಆಮೇಲೆ ಅಳೆದ ಸರಾಸರಿಯ ಮೇಲೆ ರಿಟೈನರ್ ಎಂಬುದು ಒಳ್ಳೆಯ ಕ್ರಮ. ಇಲ್ಲಿ 28, 23, 21ರ ಸರಾಸರಿ 24 ಗಂಟೆ. 600ರಂತೆ 14,400. ಖಾತ್ರಿಯಾಗಿ, ಅದೂ ತಿಂಗಳ ಮೊದಲೇ ಬರುವ ಹಣವಾದ್ದರಿಂದ ಸ್ವಲ್ಪ ಬಿಟ್ಟುಕೊಟ್ಟು 14,000 ಎನ್ನಬಹುದು. ಇದಕ್ಕಿಂತ ಹೆಚ್ಚು ರಿಯಾಯಿತಿ ಬೇಕಿಲ್ಲ.

ಆ 14,000ಕ್ಕೆ ಏನೇನು ಸೇರಿದೆ ಎಂಬುದನ್ನು ಒಂದು ಪುಟದಲ್ಲಿ ಬರೆದಿಡಬೇಕು. ಇಮೇಲ್ ವಿಂಗಡಣೆ ವಾರಕ್ಕೆ ಐದು ದಿನ, ಕ್ಯಾಲೆಂಡರ್, ತಿಂಗಳ ಬಿಲ್ಲುಗಳು ಮತ್ತು ಬಾಕಿದಾರರಿಗೆ ಎರಡು ನೆನಪೋಲೆ, ಚಿಲ್ಲರೆ ಕೆಲಸ ಐದು ಗಂಟೆಯವರೆಗೆ. ಎಲ್ಲ ಸೇರಿ 24 ಗಂಟೆ ದಾಟಬಾರದು. ದಾಟಿದ ಗಂಟೆಗೆ 650, ಅದೂ ಮೊದಲೇ ಕೇಳಿ ಒಪ್ಪಿಗೆ ಪಡೆದ ಮೇಲೆ. ಭಾರತದ ಸಮಯ ಮಧ್ಯಾಹ್ನ ಎರಡರಿಂದ ಆರರವರೆಗೆ ಮಾತ್ರ ಸಂದೇಶಗಳಿಗೆ ಉತ್ತರ. ಕೊನೆಯ ಸಾಲನ್ನು ಬಿಟ್ಟರೆ ತಿಂಗಳ ಹಣ ಕೊಟ್ಟವರು ದಿನವಿಡೀ ಸಿಗಬೇಕೆಂದು ಭಾವಿಸುತ್ತಾರೆ, ರಾತ್ರಿ ಹನ್ನೊಂದಕ್ಕೂ ಫೋನ್ ಗುಣುಗುಡುತ್ತದೆ.

ಮಿತಿ ಏಕೆ ಬೇಕೆಂಬುದು ಜನವರಿಯಲ್ಲಿ ತಿಳಿಯುತ್ತದೆ. ಬ್ರಿಟನ್ನಿನಲ್ಲಿ ಸ್ವಂತ ವೃತ್ತಿಯವರು ಆದಾಯ ತೆರಿಗೆಯ ವಿವರವನ್ನು ಆನ್‌ಲೈನ್ ಸಲ್ಲಿಸಲು ಜನವರಿ 31 ಕೊನೆಯ ದಿನ. ವರ್ಷದ ರಸೀದಿಗಳನ್ನೆಲ್ಲ ಜೋಡಿಸಬೇಕಾಗಿ ಬಂದು ಆ ತಿಂಗಳು 31 ಗಂಟೆ ಹಿಡಿಯಿತೆನ್ನಿ. ಮಿತಿ ಇಲ್ಲದಿದ್ದರೆ 14,000ವನ್ನು 31ರಿಂದ ಭಾಗಿಸಿ ಗಂಟೆಗೆ ಸುಮಾರು 452 ರೂಪಾಯಿ. ಮಿತಿ ಇದ್ದರೆ ಹೆಚ್ಚಿನ 7 ಗಂಟೆಗೆ 4,550 ಸೇರಿ 18,550. ಗಂಟೆಗೆ ಸುಮಾರು 598. ಇನ್ನೊಂದು ತಿಂಗಳು ಅದೇ ಕೆಲಸ 20 ಗಂಟೆಯಲ್ಲಿ ಮುಗಿದರೆ ಗಂಟೆಗೆ 700 ಸಿಕ್ಕಿದಂತಾಗುತ್ತದೆ. ಇನ್‌ಬಾಕ್ಸನ್ನು ಒಪ್ಪ ಮಾಡಿದ ಶ್ರಮದ ಫಲ ಈಗ ಮಾಡಿದವಳಿಗೇ ಸೇರಿತು.

ಉಳಿದ ಆ 4 ಗಂಟೆಗಳನ್ನು ಮುಂದಿನ ತಿಂಗಳಿಗೆ ಹಾಕಿಕೊಡಿ ಎಂದು ಕ್ಲೈಂಟ್ ಕೇಳುವುದುಂಟು. ಇಲ್ಲಿ ಒಪ್ಪಂದ ಯಾವ ಬಗೆಯದು ಎಂಬುದು ಮುಖ್ಯ. ಪಟ್ಟಿ ಮಾಡಿದ ಕೆಲಸಗಳು ಪೂರ್ತಿ ಮುಗಿದಿದ್ದರೆ ಕ್ಲೈಂಟ್‌ಗೆ ಬಾಕಿ ಏನೂ ಇಲ್ಲ. ಅವರು ಕೊಂಡದ್ದು ಕೆಲಸ, ಗಂಟೆಯಲ್ಲ. ಕೆಲವರು ಮಾತ್ರ ‘ತಿಂಗಳಿಗೆ 24 ಗಂಟೆ, ಯಾವ ಕೆಲಸವಾದರೂ ಸರಿ’ ಎಂದು ಗಂಟೆಗಳ ಕಟ್ಟನ್ನೇ ಮಾರಿರುತ್ತಾರೆ. ಆಗ ಸ್ವಲ್ಪ ಮುಂದಕ್ಕೆ ಹೋಗಲು ಬಿಡುವುದು ನ್ಯಾಯ. ಅದಕ್ಕೂ ಐದು ಗಂಟೆ, ಒಂದೇ ತಿಂಗಳು ಎಂಬ ಕಡಿವಾಣ ಬೇಕು. ಮೂರು ತಿಂಗಳು ತಲಾ 8 ಗಂಟೆ ಉಳಿಸಿದ ಕ್ಲೈಂಟ್ ನಾಲ್ಕನೆಯ ತಿಂಗಳು 48 ಗಂಟೆ ಕೇಳಿದರೆ, 90 ಗಂಟೆಯ ತಿಂಗಳಿನಲ್ಲಿ ಉಳಿದ ಕ್ಲೈಂಟ್‌ಗಳಿಗೆ ಜಾಗವಿರುವುದಿಲ್ಲ.

ಗಂಟೆ ಲೆಕ್ಕವೇ ಸರಿಹೊಂದುವ ಕೆಲಸಗಳೂ ಇವೆ. ಒಮ್ಮೆ ಮಾಡಿ ಮುಗಿಸುವ ಪಟ್ಟಿ, ಹಳೆಯ ಕಡತಗಳ ಸಾಫು, ಎಷ್ಟು ಸಮಯ ಬೇಕೆಂದು ಯಾರೂ ಹೇಳಲಾರದ ಹುಡುಕಾಟ ಇವನ್ನು ರಿಟೈನರ್‌ಗೆ ಸೇರಿಸಬಾರದು. ವಾರಕ್ಕೊಂದು ಬಗೆ ಕೆಲಸ ಬದಲಿಸುವ ಕ್ಲೈಂಟ್ ಜತೆಗೂ ಗಂಟೆ ಲೆಕ್ಕವೇ ಕ್ಷೇಮ. ಆದರೆ ಕ್ಲೈಂಟ್ ಆಗಸ್ಟ್‌ನಲ್ಲಿ ಮೂರು ವಾರ ರಜೆ ಹೋದರೆ ಬಿಲ್ಲೂ ರಜೆ ಹೋಗುತ್ತದೆ. ಬಾಡಿಗೆ, ಶಾಲೆಯ ಫೀಸು ಇರುವ ಮನೆಯಲ್ಲಿ ತಿಂಗಳ ಆದಾಯದ ಅರ್ಧವಾದರೂ ರಿಟೈನರ್‌ನಿಂದ ಬರುವಂತಿರಬೇಕು. ಎಲ್ಲವೂ ಒಬ್ಬನೇ ಕ್ಲೈಂಟ್‌ನ ರಿಟೈನರ್ ಆಗುವುದು ಮಾತ್ರ ಅಪಾಯ. ಅದು ಹಕ್ಕುಗಳಿಲ್ಲದ ನೌಕರಿ.

ಹಣ ವೈಸ್, ಪೇಪಾಲ್, ಪೇಯೊನೀರ್ ಮೂಲಕ ಅಥವಾ ನೇರ ಬ್ಯಾಂಕಿಗೆ ಬರುತ್ತದೆ. ವಿದೇಶದಿಂದ ಹಣ ಬಂದದ್ದಕ್ಕೆ ಸಿಗುವ ದೃಢೀಕರಣ ಪತ್ರವನ್ನು ಪ್ರತಿ ಸಲವೂ ತೆಗೆದಿಡಬೇಕು. ಲೆಕ್ಕಪರಿಶೋಧಕರು ಮೊದಲು ಕೇಳುವುದು ಅದನ್ನೇ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಬೇಕಿಲ್ಲ.

ರಿಟೈನರ್ ಪತ್ರದ ಕೊನೆಯ ಸಾಲು ಬಿಡುಗಡೆಯದು. ಎರಡು ಕಡೆಗೂ 30 ದಿನದ ಮುನ್ಸೂಚನೆ, ಆ 30 ದಿನದ ಹಣ ಮುಂಗಡ, ಆರು ತಿಂಗಳಿಗೊಮ್ಮೆ ಟೈಮ್‌ಶೀಟ್ ಎದುರಿಗಿಟ್ಟು ದರದ ಮರುಪರಿಶೀಲನೆ. ಇದಕ್ಕಾಗಿ ರಿಟೈನರ್ ಶುರುವಾದ ಮೇಲೂ ಗಂಟೆ ಬರೆಯುವುದನ್ನು ನಿಲ್ಲಿಸಬಾರದು. ಕ್ಲೈಂಟ್‌ಗೆ ಆ ಲೆಕ್ಕ ಕಳಿಸದಿದ್ದರೂ ಸರಿ, ಸಹಾಯಕಿಯ ಬಳಿ ಇರಬೇಕು.